ಹಣದುಬ್ಬರ ಇಳಿಯಿತು, ಬೆಲೆ ಏರಿತು

2024ರ ಆಗಸ್ಟ್ 12ರಂದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಜುಲೈ ತಿಂಗಳ ಬೆಲೆಗಳ ಲೆಕ್ಕವನ್ನು ಪ್ರಕಟಿಸಿತು. ಅಂಥ ಸುದ್ದಿ ಮೊದಲು ಬರುವುದು ಇಂಗ್ಲಿಷಿನಲ್ಲಿ. ಅದನ್ನು ಪದಕ್ಕೆ ಪದ ಹೊಂದಿಸಿ ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಾಗುತ್ತದೆ:

“ಅನುಕೂಲಕರ ಮೂಲ ಪರಿಣಾಮದಿಂದಾಗಿ ಜುಲೈ ತಿಂಗಳ ಚಿಲ್ಲರೆ ಹಣದುಬ್ಬರವು ವಾರ್ಷಿಕ ಶೇ 3.54ಕ್ಕೆ ಇಳಿಕೆಯಾಗಿದ್ದು, ಸುಮಾರು ಐದು ವರ್ಷಗಳಲ್ಲಿ ಮೊದಲ ಬಾರಿಗೆ ರಿಸರ್ವ್ ಬ್ಯಾಂಕಿನ ಶೇ 4ರ ಮಧ್ಯಮಾವಧಿ ಗುರಿಗಿಂತ ಕೆಳಗೆ ಬಂದಿದೆ. ಕಳೆದ ವಾರ ಹಣಕಾಸು ನೀತಿ ಸಮಿತಿಯು 4:2 ಬಹುಮತದಿಂದ ರೆಪೊ ದರವನ್ನು ಶೇ 6.5ರಲ್ಲೇ ಉಳಿಸಿಕೊಂಡಿತ್ತು. 2022ರ ಮೇ ತಿಂಗಳಿನಿಂದೀಚೆಗೆ ಈ ದರದಲ್ಲಿ ಒಟ್ಟು 250 ಮೂಲಾಂಶಗಳ ಏರಿಕೆಯಾಗಿದೆ.”

ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಪ್ರತಿ ಪದವೂ ನಮ್ಮ ಪತ್ರಿಕೆಗಳಲ್ಲಿ ಬಳಕೆಯಾಗಿ ಸವೆದದ್ದೇ. ಆದರೂ ಓದಿ ಮುಗಿಸಿದವರನ್ನು, “ಹಾಗಾದರೆ ಜುಲೈನಲ್ಲಿ ಸಾಮಾನುಗಳ ಬೆಲೆ ಇಳಿಯಿತೋ, ಏರಿತೋ?” ಎಂದು ಕೇಳಿ ನೋಡಿ. ಇಳಿಯಿತು ಎನ್ನುವವರೇ ಹೆಚ್ಚು. ನಿಜ ಏನೆಂದರೆ ಆ ತಿಂಗಳು ಬೆಲೆಗಳು ಏರಿದವು, ಅದೂ ಸಾಕಷ್ಟು ಜೋರಾಗಿಯೇ. ಸುದ್ದಿ ಸುಳ್ಳು ಹೇಳಿಲ್ಲ. ಅದು ಯಾವುದನ್ನು ಯಾವುದರ ಜೊತೆ ಹೋಲಿಸುತ್ತಿದೆ ಎಂಬುದನ್ನು ಮಾತ್ರ ನುಂಗಿಕೊಂಡಿದೆ. ಅರ್ಥಶಾಸ್ತ್ರದ ಸುದ್ದಿಯನ್ನು ಕನ್ನಡಿಸುವವರ ಕೆಲಸದಲ್ಲಿ ಮುಕ್ಕಾಲು ಪಾಲು, ಹೀಗೆ ನುಂಗಿದ್ದನ್ನು ಹೊರಗೆ ತೆಗೆದು ವಾಕ್ಯದಲ್ಲಿ ಕೂರಿಸುವುದೇ.

ಮೊದಲು ಬೆಲೆಯ ಲೆಕ್ಕ. ಅದರ ಹಿಂದಿರುವುದು ಗ್ರಾಹಕ ಬೆಲೆ ಸೂಚ್ಯಂಕ. ಒಂದು ಸಾಮಾನ್ಯ ಕುಟುಂಬ ಕೊಳ್ಳುವ ಅಕ್ಕಿ, ಎಣ್ಣೆ, ಸೋಪು, ಬಸ್ ಟಿಕೆಟ್, ಶಾಲೆಯ ಶುಲ್ಕ, ಮನೆ ಬಾಡಿಗೆ ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿ, ಆ ಇಡೀ ಪಟ್ಟಿಗೆ 2012ರಲ್ಲಿ 100 ರೂಪಾಯಿ ಆಗುತ್ತಿತ್ತು ಎಂದು ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಪ್ರತಿ ತಿಂಗಳೂ ದೇಶದ 1,114 ನಗರ ಮಾರುಕಟ್ಟೆಗಳಲ್ಲಿ ಮತ್ತು 1,181 ಹಳ್ಳಿಗಳಲ್ಲಿ ಬೆಲೆ ವಿಚಾರಿಸಿ, ಅದೇ ಪಟ್ಟಿಗೆ ಈಗೆಷ್ಟು ಎಂದು ಲೆಕ್ಕ ಹಾಕುತ್ತಿದ್ದರು. 2024ರಲ್ಲಿ ಚಾಲ್ತಿಯಲ್ಲಿದ್ದ ಸರಣಿ ಇದು. ಪಟ್ಟಿಯಲ್ಲಿ ಎಲ್ಲ ವಸ್ತುಗಳಿಗೂ ಒಂದೇ ತೂಕವಿರಲಿಲ್ಲ. ನೂರು ರೂಪಾಯಿಯಲ್ಲಿ ಸುಮಾರು 46 ರೂಪಾಯಿ ಊಟ ತಿಂಡಿಯ ಲೆಕ್ಕಕ್ಕೆ ಹೋಗುತ್ತಿತ್ತು. ಅದರೊಳಗೆ ತರಕಾರಿಯದ್ದು 6 ರೂಪಾಯಿ. ಕಂಪ್ಯೂಟರ್ ಉದ್ಯೋಗಿಯೊಬ್ಬರ ಬೆಂಗಳೂರಿನ ಮನೆಯಲ್ಲಿ ಖರ್ಚು ಈ ಪ್ರಮಾಣದಲ್ಲಿ ಇರಲಾರದು, ಅಲ್ಲಿ ಬಾಡಿಗೆಯೇ ದೊಡ್ಡ ತುಂಡು. ರಾಯಚೂರಿನ ಕೂಲಿ ಕುಟುಂಬದ್ದೂ ಹೀಗಿರಲಾರದು, ಅಲ್ಲಿ ಊಟದ ಪಾಲು ಇನ್ನೂ ಹೆಚ್ಚು. ಸೂಚ್ಯಂಕದ ಕುಟುಂಬ ಯಾವ ಊರಿನಲ್ಲೂ ವಾಸವಾಗಿಲ್ಲ. ಅದು ಎಲ್ಲರ ಸರಾಸರಿ. “ನಮ್ಮ ಮನೆಯ ಖರ್ಚು ಶೇ 3.54 ಅಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಏರಿದೆ” ಎಂದು ಗೊಣಗುವವರ ಮಾತು ಅವರವರ ಮನೆಯ ಮಟ್ಟಿಗೆ ಪೂರ್ತಿ ನಿಜವಾಗಿರಬಹುದು.

ಈಗ ಆ ಸೂಚ್ಯಂಕವನ್ನೇ ತಿಂಗಳ ಖರ್ಚಾಗಿ ಬದಲಿಸಿಕೊಳ್ಳೋಣ. 2022ರ ಜುಲೈನಲ್ಲಿ ಒಂದು ಮನೆಗೆ ತಿಂಗಳಿಗೆ 20,000 ರೂಪಾಯಿ ಖರ್ಚಾಗುತ್ತಿತ್ತು ಎಂದುಕೊಳ್ಳಿ. ಆಗ ಸೂಚ್ಯಂಕ 173.4 ಇತ್ತು. ಮುಂದಿನ ತಿಂಗಳುಗಳ ಸೂಚ್ಯಂಕವನ್ನು ಇದಕ್ಕೆ ಹೊಂದಿಸಿದರೆ, 2023ರ ಜೂನ್‌ನಲ್ಲಿ ಅದೇ ಸಾಮಾನಿಗೆ 20,877 ರೂಪಾಯಿ. ಮರುತಿಂಗಳು, ಅಂದರೆ 2023ರ ಜುಲೈನಲ್ಲಿ, 21,488. ಒಂದೇ ತಿಂಗಳಲ್ಲಿ 611 ರೂಪಾಯಿಯ ನೆಗೆತ! ಒಂದು ವರ್ಷ ಮುಂದಕ್ಕೆ ಹೋದರೆ, 2024ರ ಜೂನ್‌ನಲ್ಲಿ 21,938, ಜುಲೈನಲ್ಲಿ 22,249.

ಕೊನೆಯ ಎರಡು ಸಂಖ್ಯೆಗಳನ್ನು ನೋಡಿ. 2024ರ ಜೂನ್‌ನಿಂದ ಜುಲೈಗೆ ಖರ್ಚು 311 ರೂಪಾಯಿ ಏರಿದೆ. ಸುಮಾರು ಶೇ 1.4, ಒಂದು ತಿಂಗಳ ಮಟ್ಟಿಗೆ ಇದು ಸಣ್ಣ ಏರಿಕೆಯಲ್ಲ. ಆದರೆ ಸುದ್ದಿಯಲ್ಲಿ ಬರುವ ಹಣದುಬ್ಬರ ಜುಲೈಯನ್ನು ಜೂನ್ ಜೊತೆ ಹೋಲಿಸುವುದಿಲ್ಲ, ಹಿಂದಿನ ವರ್ಷದ ಜುಲೈ ಜೊತೆ ಹೋಲಿಸುತ್ತದೆ. ಜೂನ್‌ನ ಲೆಕ್ಕದಲ್ಲಿ 20,877ರಿಂದ 21,938ಕ್ಕೆ 1,061 ರೂಪಾಯಿ ಏರಿಕೆ, ಶೇ 5.08. ಜುಲೈ ಲೆಕ್ಕದಲ್ಲಿ 21,488ರಿಂದ 22,249ಕ್ಕೆ 761 ರೂಪಾಯಿ ಏರಿಕೆ, ಶೇ 3.54. ಖರ್ಚು ಏರಿದ ತಿಂಗಳಲ್ಲೇ ಹಣದುಬ್ಬರ ಇಳಿಯಿತು. ಕಾರಣ, ಹೋಲಿಕೆಗೆ ಸಿಕ್ಕ ಹಿಂದಿನ ವರ್ಷದ ಜುಲೈಯೇ ಅಷ್ಟು ದುಬಾರಿಯಾಗಿತ್ತು. ‘ಅನುಕೂಲಕರ ಮೂಲ ಪರಿಣಾಮ’ ಎಂಬ ಮೂರು ಪದಗಳ ಒಳಗೆ ಅಡಗಿ ಕೂತಿರುವ ಸಂಗತಿ ಇಷ್ಟೆ. ಇದನ್ನು ಕನ್ನಡದಲ್ಲಿ “ಕಳೆದ ವರ್ಷ ಇದೇ ತಿಂಗಳು ಬೆಲೆ ವಿಪರೀತ ಇದ್ದುದರಿಂದ, ಅದಕ್ಕೆ ಹೋಲಿಸಿದರೆ ಈ ಸಲದ ಏರಿಕೆ ಕಡಿಮೆ ಕಾಣುತ್ತದೆ” ಎಂದು ಬರೆದರೆ ಒಂದು ಸಾಲು ಉದ್ದವಾಗುತ್ತದೆ, ನಿಜ. ಆ ಸಾಲಿಗೆ ಪತ್ರಿಕೆಯಲ್ಲಿ ಜಾಗವಿಲ್ಲ ಎನ್ನುವ ಉಪಸಂಪಾದಕರಿಗೆ ನಾನು ಹೇಳುವುದು, ‘ಅನುಕೂಲಕರ’ ಎಂಬ ಪದವನ್ನಾದರೂ ತೆಗೆದುಹಾಕಿ ಎಂದು. ಯಾರಿಗೆ ಅನುಕೂಲ? ಅಂಕಿಗೆ ಅನುಕೂಲ, ಅಷ್ಟೇ.

2023ರ ಜುಲೈ ಅಷ್ಟು ದುಬಾರಿಯಾಗಲು ಕಾರಣವಾದದ್ದು ಬಹುಮಟ್ಟಿಗೆ ನಮ್ಮ ಕೋಲಾರದವರಿಗೆ ಚೆನ್ನಾಗಿ ಗೊತ್ತಿರುವ ಬೆಳೆ. ಆ ವರ್ಷದ ಬೇಸಿಗೆಯಲ್ಲಿ ಕೋಲಾರ ಸೀಮೆಯ ಟೊಮೆಟೊ ತೋಟಗಳಿಗೆ ಬಿಳಿನೊಣದ ಕಾಟ ಬಂತು, ಎಲೆ ಮುದುಡಿ ಇಳುವರಿ ಬಿತ್ತು. ಉತ್ತರದಲ್ಲಿ ಮಳೆ ಸುರಿದು ಸಾಗಣೆ ಕೆಟ್ಟಿತು. ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸಿನ ಹರಾಜು ಎರಡು ಸಾವಿರ ರೂಪಾಯಿ ದಾಟಿತು. ಇಡೀ ದೇಶದ ಸೂಚ್ಯಂಕದಲ್ಲಿ ಟೊಮೆಟೊದ ತೂಕ ಆಗ ನೂರಕ್ಕೆ 57 ಪೈಸೆ ಮಾತ್ರ ಇತ್ತು. ಆದರೆ ಅದರ ಬೆಲೆ ವರ್ಷದ ಹಿಂದಿನದಕ್ಕಿಂತ ಶೇ 200ರಷ್ಟು ಏರಿತ್ತು, ಅಂದರೆ ಮೂರು ಪಟ್ಟಾಗಿತ್ತು. 57 ಪೈಸೆಯ ವಸ್ತು ಮೂರು ಪಟ್ಟಾದರೆ ನೂರು ರೂಪಾಯಿಯ ಪಟ್ಟಿಗೆ ಒಂದು ರೂಪಾಯಿಗಿಂತ ತುಸು ಹೆಚ್ಚು ಸೇರಿಕೊಳ್ಳುತ್ತದೆ. ಆ ತಿಂಗಳ ಹಣದುಬ್ಬರ ಶೇ 7.44 ಎಂದು ದಾಖಲಾಯಿತಲ್ಲ, ಅದರಲ್ಲಿ ಒಂದಂಶದಷ್ಟು ಬರೀ ಟೊಮೆಟೊ. (ಸುದ್ದಿಯಲ್ಲಿ ‘ಚಿಲ್ಲರೆ ಹಣದುಬ್ಬರ’ ಎಂದು ಓದಿದಾಗ ಇದೇನೋ ಕ್ಷುಲ್ಲಕ ವಿಚಾರ ಇರಬೇಕು ಎನಿಸುತ್ತದೆ. ಅದು ಚಿಲ್ಲರೆ ಅಂಗಡಿಯ ಬೆಲೆ, ಸಗಟು ಬೆಲೆಯಲ್ಲ ಎಂದಷ್ಟೇ ಅರ್ಥ.)

ಇಲ್ಲಿಗೆ ಸುದ್ದಿಯ ಮೊದಲ ವಾಕ್ಯ ಬಿಡಿಸಿದಂತಾಯಿತು. ಎರಡನೆಯದರಲ್ಲಿ ರೆಪೊ ದರ ಕೂತಿದೆ.

“ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಮೇಲಿನ ಬಡ್ಡಿದರವೇ ರೆಪೊ ದರ.” ಈ ಒಂದು ಸಾಲಿನ ವಿವರಣೆ ಪ್ರತಿ ಸುದ್ದಿಯ ಕೆಳಗೂ ಅಂಟಿಕೊಂಡು ಬರುತ್ತದೆ. ಇದು ಸರಿ, ಆದರೆ ದಾರಿ ತಪ್ಪಿಸುವಂಥ ಸರಿ. ಇದನ್ನು ಓದಿದವರು, ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಶೇ 6.5ಕ್ಕೆ ಹಣ ತಂದು, ಅದರ ಮೇಲೆ ಲಾಭ ಇಟ್ಟುಕೊಂಡು ನಮಗೆ ಶೇ 9.5ಕ್ಕೆ ಕೊಡುತ್ತವೆ ಎಂದು ಭಾವಿಸುತ್ತಾರೆ. ಬ್ಯಾಂಕು ಸಾಲ ಕೊಡುವ ಹಣದಲ್ಲಿ ಬಹುಪಾಲು ಬರುವುದು ನಮ್ಮ ನಿಮ್ಮ ಉಳಿತಾಯ ಖಾತೆ ಮತ್ತು ಠೇವಣಿಗಳಿಂದ. ರೆಪೊ ಅನ್ನುವುದು ಗೃಹಸಾಲಕ್ಕೆ ಬಂಡವಾಳ ಒದಗಿಸುವ ವ್ಯವಸ್ಥೆಯೇ ಅಲ್ಲ. ಅದು ಒಂದು ರಾತ್ರಿಯ, ಕೆಲವೊಮ್ಮೆ ಕೆಲವು ದಿನಗಳ, ಕೈಸಾಲ.

ಬ್ಯಾಂಕಿಗೆ ಕೈಸಾಲ ಯಾಕೆ ಬೇಕು? ದಿನವಿಡೀ ಒಂದು ಬ್ಯಾಂಕಿನ ಗ್ರಾಹಕರು ಇನ್ನೊಂದು ಬ್ಯಾಂಕಿನವರಿಗೆ ಹಣ ಕಳಿಸುತ್ತಲೇ ಇರುತ್ತಾರೆ. ಸಂಬಳದ ದಿನ, ತೆರಿಗೆ ಕಟ್ಟುವ ಕೊನೆಯ ದಿನ, ಹಬ್ಬದ ಮುನ್ನಾದಿನ ಇದು ಹೊಳೆಯಂತೆ ಹರಿಯುತ್ತದೆ. ಈ ಲೆಕ್ಕವೆಲ್ಲ ಚುಕ್ತವಾಗುವುದು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿರುವ ಖಾತೆಗಳಲ್ಲಿ. ಮೇಲಾಗಿ, ಪ್ರತಿ ಬ್ಯಾಂಕೂ ತನ್ನ ಠೇವಣಿಗಳ ಒಂದು ಪಾಲನ್ನು ಅಲ್ಲಿ ನಗದಾಗಿ ಇಡಲೇಬೇಕೆಂಬ ನಿಯಮವಿದೆ. ನಗದು ಮೀಸಲು ಅನುಪಾತ ಎನ್ನುವುದು ಅದನ್ನೇ. ದಿನದ ಕೊನೆಗೆ ಒಂದು ಬ್ಯಾಂಕಿನ ಖಾತೆಯಲ್ಲಿ 100 ಕೋಟಿ ಕಡಿಮೆ ಬಿತ್ತು ಎಂದುಕೊಳ್ಳಿ. ಅದರ ಬಳಿ ಸರ್ಕಾರಿ ಸಾಲಪತ್ರಗಳು ಬೇಕಾದಷ್ಟಿವೆ, ನಗದು ಇಲ್ಲ. ಆ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕಿಗೆ ಮಾರುತ್ತದೆ. ಮಾರುವಾಗಲೇ, ನಾಳೆ ಇಷ್ಟು ಬೆಲೆ ಕೊಟ್ಟು ವಾಪಸ್ ಕೊಳ್ಳುತ್ತೇನೆ ಎಂದು ಬರೆದುಕೊಡುತ್ತದೆ. ಮರುಖರೀದಿಯ ಈ ಕರಾರಿನ ಇಂಗ್ಲಿಷ್ ಹೆಸರನ್ನು ಮೊಟಕು ಮಾಡಿದ್ದೇ ರೆಪೊ. ಇವತ್ತಿನ ಬೆಲೆಗೂ ನಾಳಿನ ಬೆಲೆಗೂ ಇರುವ ಅಂತರವೇ ಬಡ್ಡಿ. ವರ್ಷಕ್ಕೆ ಶೇ 6.5ರಂತೆ 100 ಕೋಟಿಗೆ ಒಂದು ರಾತ್ರಿಯ ಬಡ್ಡಿ 1,78,082 ರೂಪಾಯಿ. ಒಡವೆ ಇಟ್ಟು ಸಾಲ ತಂದಂತೆಯೇ, ಒಡವೆಯ ಜಾಗದಲ್ಲಿ ಸರ್ಕಾರದ ಪತ್ರ.

ಈ ಪುಟ್ಟ ವ್ಯವಹಾರದ ದರ ದೇಶದ ಎಲ್ಲ ಬಡ್ಡಿದರಗಳ ಮೇಲೆ ಹೇಗೆ ಸವಾರಿ ಮಾಡುತ್ತದೆ? ಗುಟ್ಟು ಇರುವುದು ರೆಪೊದ ಆಚೀಚೆ ಇರುವ ಇನ್ನೆರಡು ದರಗಳಲ್ಲಿ. ಸುದ್ದಿಯ ಕೊನೆಯ ಪ್ಯಾರಾದಲ್ಲಿ ಎಸ್‌ಡಿಎಫ್, ಎಂಎಸ್‌ಎಫ್ ಎಂಬ ಅಕ್ಷರಗಳು ಬರುತ್ತವೆ; ಭಾಷಾಂತರಿಸುವವರು ಅವನ್ನು ಹಾಗೇ ಬಿಟ್ಟು ಮುಂದೆ ಸಾಗುವುದು ರೂಢಿ. ಬ್ಯಾಂಕಿನ ಕೈಯಲ್ಲಿ ಹಣ ಉಳಿದಿದ್ದರೆ ಅದನ್ನು ರಾತ್ರಿಗೆ ರಿಸರ್ವ್ ಬ್ಯಾಂಕಿನಲ್ಲೇ ಇಡಬಹುದು; ಅದಕ್ಕೆ 2024ರಲ್ಲಿ ಶೇ 6.25 ಬಡ್ಡಿ ಸಿಗುತ್ತಿತ್ತು. ಇದು ಎಸ್‌ಡಿಎಫ್. ತೀರಾ ತುರ್ತಾಗಿ ಹಣ ಬೇಕಾದವರು ಶೇ 6.75 ಕೊಟ್ಟು ಪಡೆಯಬಹುದಿತ್ತು. ಇದು ಎಂಎಸ್‌ಎಫ್. ಈಗ ಎರಡು ಬ್ಯಾಂಕುಗಳು ತಮ್ಮೊಳಗೇ ಒಂದು ರಾತ್ರಿಗೆ ಸಾಲ ಕೊಟ್ಟು ತೆಗೆದುಕೊಳ್ಳುತ್ತವೆ ಎಂದುಕೊಳ್ಳಿ. ಕೊಡುವ ಬ್ಯಾಂಕು ಶೇ 6.25ಕ್ಕಿಂತ ಕಡಿಮೆಗೆ ಯಾಕೆ ಕೊಟ್ಟೀತು? ಯಾವ ಅಪಾಯವೂ ಇಲ್ಲದೆ ಅಷ್ಟು ಬಡ್ಡಿ ರಿಸರ್ವ್ ಬ್ಯಾಂಕೇ ಕೊಡುತ್ತದೆ. ಪಡೆಯುವ ಬ್ಯಾಂಕು ಶೇ 6.75ಕ್ಕಿಂತ ಹೆಚ್ಚು ಯಾಕೆ ಕೊಟ್ಟೀತು? ಹೀಗೆ ದೇಶದ ಒಂದು ರಾತ್ರಿಯ ಸಾಲದ ದರ ಈ ಎರಡರ ನಡುವೆ, ಸಾಮಾನ್ಯವಾಗಿ ರೆಪೊದ ಹತ್ತಿರದಲ್ಲೇ, ಹರಿದಾಡುತ್ತದೆ. ಒಂದು ರಾತ್ರಿಯ ದರ ಗೊತ್ತಾದರೆ ಮೂರು ತಿಂಗಳ ಸಾಲದ ದರ ಅದರ ಮೇಲೆ ನಿಲ್ಲುತ್ತದೆ, ವರ್ಷದ್ದು ಅದರ ಮೇಲೆ. ರಿಸರ್ವ್ ಬ್ಯಾಂಕು ದೇಶಕ್ಕೆಲ್ಲ ಸಾಲ ಕೊಡಬೇಕಿಲ್ಲ. ಬೇಕೆಂದಾಗ ಈ ದರಕ್ಕೆ ಕೊಡಲು, ಆ ದರಕ್ಕೆ ಇಟ್ಟುಕೊಳ್ಳಲು ಸಿದ್ಧ ಎಂದು ನಿಂತರೆ ಸಾಕು.

ಕನ್ನಡದಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹೇಳಲೇಬೇಕಾದರೆ ನಾನು ಹೀಗೆ ಬರೆಯುತ್ತೇನೆ: “ರೆಪೊ ದರ: ಬ್ಯಾಂಕುಗಳು ಸರ್ಕಾರಿ ಸಾಲಪತ್ರ ಅಡವಿಟ್ಟು ರಿಸರ್ವ್ ಬ್ಯಾಂಕಿನಿಂದ ಒಂದೆರಡು ದಿನಗಳಿಗೆ ಪಡೆಯುವ ಸಾಲದ ಬಡ್ಡಿ, ಉಳಿದ ಸಾಲಗಳ ಬಡ್ಡಿದರ ಇದನ್ನು ನೋಡಿಕೊಂಡು ಏರಿಳಿಯುತ್ತದೆ.” ಅಲ್ಪವಿರಾಮದ ನಂತರದ ಭಾಗ ಇಲ್ಲದಿದ್ದರೆ ಓದುಗರಿಗೆ ಈ ದರದ ಗೊಡವೆ ಯಾಕೆ ಎಂಬುದೇ ತಿಳಿಯುವುದಿಲ್ಲ.

ಇನ್ನು ಮೂಲಾಂಶ. ಶೇಕಡಾ ಒಂದರ ನೂರನೇ ಒಂದು ಭಾಗ ಒಂದು ಮೂಲಾಂಶ. 25 ಮೂಲಾಂಶ ಎಂದರೆ ಕಾಲು ಅಂಶ, 250 ಎಂದರೆ ಎರಡೂವರೆ ಅಂಶ. ಇಷ್ಟು ಸಣ್ಣ ಅಳತೆಗೋಲು ಯಾಕೆ ಬೇಕಾಯಿತು ಎಂಬುದು 2022ರ ಕಥೆಯನ್ನು ನೋಡಿದರೆ ತಿಳಿಯುತ್ತದೆ. ಆ ವರ್ಷ ಮೇ 4ರಂದು ರಿಸರ್ವ್ ಬ್ಯಾಂಕು, ನಿಗದಿಯಾಗಿದ್ದ ಸಭೆಗೆ ಕಾಯದೆ, ರೆಪೊ ದರವನ್ನು ಶೇ 4ರಿಂದ ಶೇ 4.4ಕ್ಕೆ ಏರಿಸಿತು. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ 2023ರ ಫೆಬ್ರುವರಿ 8ಕ್ಕೆ ಶೇ 6.5 ತಲುಪಿತು. ಇದನ್ನು “ರೆಪೊ ದರದಲ್ಲಿ ಶೇ 2.5ರಷ್ಟು ಹೆಚ್ಚಳ” ಎಂದು ಬರೆಯುವುದು ನಮ್ಮಲ್ಲಿ ಎಷ್ಟು ರೂಢಿ ಎಂದರೆ ಯಾರಿಗೂ ಕಸಿವಿಸಿಯಾಗುವುದಿಲ್ಲ. ಆದರೆ 4ಕ್ಕೆ ಶೇ 2.5ರಷ್ಟು ಸೇರಿಸಿದರೆ ಆಗುವುದು 4.1. 4 ಹೋಗಿ 6.5 ಆದರೆ ಅದು ಶೇ 62.5ರಷ್ಟು ಹೆಚ್ಚಳ. ಎರಡು ಶೇಕಡಾವಾರು ಸಂಖ್ಯೆಗಳ ನಡುವಿನ ಅಂತರವನ್ನು ಮತ್ತೆ ‘ಶೇಕಡಾ’ ಎಂದೇ ಕರೆದರೆ ಈ ಗೊಂದಲ ತಪ್ಪಿದ್ದಲ್ಲ. ಮೂಲಾಂಶ ಬಳಸಿದರೆ ಇದು ತಪ್ಪುತ್ತದೆ. ಆ ಪದ ಭಾರ ಎನಿಸಿದರೆ ಅದಕ್ಕಿಂತ ಸುಲಭದ ದಾರಿಯಿದೆ: “ಶೇ 4 ಇದ್ದದ್ದು ಶೇ 6.5 ಆಯಿತು” ಎಂದು ಎರಡೂ ತುದಿಗಳನ್ನು ಬರೆದುಬಿಡುವುದು. ಓದುಗರು ಕಳೆಯುವ ಲೆಕ್ಕ ಬಲ್ಲವರೇ.

ಈ ಎರಡೂವರೆ ಅಂಶ ಒಂದು ಮನೆಯ ಸಾಲದಲ್ಲಿ ಏನು ಮಾಡಿತು ಎಂದು ಲೆಕ್ಕ ಹಾಕಿ ನೋಡೋಣ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ಬಡ್ಡಿಯ ಗೃಹಸಾಲಗಳನ್ನು ಹೊರಗಿನ ಯಾವುದಾದರೊಂದು ದರಕ್ಕೆ ಕಟ್ಟಿಹಾಕಬೇಕೆಂಬ ನಿಯಮ ಬಂದಿದೆ. ಬಹುತೇಕ ಬ್ಯಾಂಕುಗಳು ಆರಿಸಿಕೊಂಡದ್ದು ರೆಪೊ ದರವನ್ನೇ. 2022ರ ಏಪ್ರಿಲ್‌ನಲ್ಲಿ ಒಬ್ಬರು ತುಮಕೂರಿನಲ್ಲಿ ಮನೆ ಕೊಳ್ಳಲು 30 ಲಕ್ಷ ರೂಪಾಯಿ ಸಾಲ ಪಡೆದರು, ಅವಧಿ 20 ವರ್ಷ, ಬಡ್ಡಿ ರೆಪೊಗಿಂತ 3 ಅಂಶ ಹೆಚ್ಚು ಎಂದುಕೊಳ್ಳಿ. ಆಗ ರೆಪೊ 4, ಹಾಗಾಗಿ ಬಡ್ಡಿ ಶೇ 7, ತಿಂಗಳ ಕಂತು 23,259 ರೂಪಾಯಿ. ರೆಪೊ 6.5 ಆದಾಗ ಬಡ್ಡಿ ಶೇ 9.5. ಇಪ್ಪತ್ತು ವರ್ಷದ ಅದೇ ಸಾಲವನ್ನು ಈ ದರದಲ್ಲಿ ಹೊಸದಾಗಿ ಪಡೆದಿದ್ದರೆ ಕಂತು 27,964 ಆಗುತ್ತಿತ್ತು. ತಿಂಗಳಿಗೆ 4,700 ರೂಪಾಯಿ ಹೆಚ್ಚು.

ಆದರೆ ಎಷ್ಟೋ ಸಾಲಗಾರರಿಗೆ ಕಂತು ಏರಿದ್ದೇ ಕಾಣಲಿಲ್ಲ. ಬಡ್ಡಿ ಏರಿದಾಗ ಕಂತನ್ನು ಹಾಗೇ ಇಟ್ಟು ಸಾಲದ ಅವಧಿಯನ್ನು ಉದ್ದ ಮಾಡುವುದು ಬ್ಯಾಂಕುಗಳ ಪದ್ಧತಿಯಾಗಿತ್ತು. ಕಂತು ಅಷ್ಟೇ ಇದೆ ಎಂದು ಸಮಾಧಾನಪಟ್ಟವರ ಖಾತೆಯಲ್ಲಿ ಏನು ನಡೆಯುತ್ತಿತ್ತು? ನಮ್ಮ ಉದಾಹರಣೆಯ ಸಾಲಗಾರರು ಹತ್ತು ಹನ್ನೊಂದು ತಿಂಗಳು ಕಂತು ಕಟ್ಟಿದ ಮೇಲೂ ಉಳಿದಿರುವ ಅಸಲು ಸುಮಾರು 29 ಲಕ್ಷ 75 ಸಾವಿರ. ಅದರ ಮೇಲೆ ಶೇ 9.5ರಂತೆ ಒಂದು ತಿಂಗಳ ಬಡ್ಡಿ ಸುಮಾರು 23,550. ಕಟ್ಟುತ್ತಿರುವುದು 23,259. ಕಂತು ಬಡ್ಡಿಗೇ ಸಾಲುವುದಿಲ್ಲ! ಕೊರತೆ ಬಿದ್ದ ಮುನ್ನೂರು ರೂಪಾಯಿ ಅಸಲಿಗೆ ಸೇರುತ್ತದೆ, ಮುಂದಿನ ತಿಂಗಳು ಅದಕ್ಕೂ ಬಡ್ಡಿ. ಅವಧಿಯನ್ನು ನೂರು ವರ್ಷಕ್ಕೆ ಎಳೆದರೂ ಈ ಸಾಲ ತೀರುವುದಿಲ್ಲ, ತಿಂಗಳು ತಿಂಗಳೂ ದೊಡ್ಡದಾಗುತ್ತಾ ಹೋಗುತ್ತದೆ. ಇಂಥದ್ದನ್ನು ತಡೆಯಬೇಕೆಂದು 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತು: ಬಡ್ಡಿ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂದು ಸಾಲಗಾರರನ್ನು ಕೇಳಬೇಕು, ನಿಶ್ಚಿತ ಬಡ್ಡಿಗೆ ಬದಲಾಯಿಸಿಕೊಳ್ಳುವ ಅವಕಾಶ ಕೊಡಬೇಕು, ಅವಧಿ ವಿಸ್ತರಣೆಯಿಂದ ಸಾಲ ಬೆಳೆಯುವಂತಾಗಬಾರದು. ನಿಮ್ಮ ಸಾಲದ ಸ್ಥಿತಿ ತಿಳಿಯಬೇಕಾದರೆ ಕಂತಿನ ಮೊತ್ತ ನೋಡಿ ಪ್ರಯೋಜನವಿಲ್ಲ. ಸಾಲದ ಖಾತೆಯ ವಿವರಣೆ ತರಿಸಿ, ಹೋದ ತಿಂಗಳ ಕಂತಿನಲ್ಲಿ ಅಸಲಿಗೆ ಎಷ್ಟು ಹೋಗಿದೆ ಎಂಬ ಒಂದು ಅಂಕಣವನ್ನು ನೋಡಬೇಕು.

ಬೆಲೆಯೇರಿಕೆಗೂ ಇದಕ್ಕೂ ಏನು ಸಂಬಂಧ ಎಂದರೆ, ಸಂಬಂಧ ಇರುವುದೇ ಆ 4,700 ರೂಪಾಯಿಯಲ್ಲಿ. ಅಷ್ಟು ಹಣ ಕಂತಿಗೆ ಹೋದ ಮನೆಯವರು ಹೊಸ ಫ್ರಿಜ್ ಕೊಳ್ಳುವುದನ್ನು ಮುಂದಕ್ಕೆ ಹಾಕುತ್ತಾರೆ. ಸಾಲ ದುಬಾರಿಯೆಂದು ಕಾರ್ಖಾನೆಯವರು ಹೊಸ ಯಂತ್ರ ತರಿಸುವುದಿಲ್ಲ, ಬಿಲ್ಡರ್ ಹೊಸ ಕಟ್ಟಡ ಶುರು ಮಾಡುವುದಿಲ್ಲ. ಠೇವಣಿಗೆ ಒಳ್ಳೆಯ ಬಡ್ಡಿ ಸಿಗುತ್ತದೆಂದು ಕೈಯಲ್ಲಿದ್ದವರು ಹಣ ಬ್ಯಾಂಕಿನಲ್ಲಿಡುತ್ತಾರೆ. ಕೊಳ್ಳುವವರು ಕಡಿಮೆಯಾದಾಗ ಮಾರುವವರು ಬೆಲೆ ಏರಿಸಲು ಹಿಂಜರಿಯುತ್ತಾರೆ. ಇದೆಲ್ಲ ನಡೆಯಲು ಹಲವು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಟೊಮೆಟೊಗೆ ಈ ಮದ್ದು ನಾಟುವುದೇ ಇಲ್ಲ. ಬಿಳಿನೊಣಕ್ಕೆ ರೆಪೊ ದರ ಗೊತ್ತಿಲ್ಲ. 2023ರ ಜುಲೈನ ಬೆಲೆಯನ್ನು ಇಳಿಸಿದ್ದು ಹೊಸ ಬೆಳೆ. ಕೆಲವೇ ವಾರಗಳಲ್ಲಿ ಮಾಲು ಬಂದು, ಸೆಪ್ಟೆಂಬರ್ ಹೊತ್ತಿಗೆ ಬೆಳೆದವರು ದರವಿಲ್ಲವೆಂದು ಕೈಚೆಲ್ಲುವಂತಾಯಿತು. ಆ ಎರಡು ತಿಂಗಳಲ್ಲಿ ರೆಪೊ ಅಲ್ಲಾಡಿರಲಿಲ್ಲ.

ಹಾಗಿದ್ದರೆ 2024ರ ಆಗಸ್ಟ್‌ನಲ್ಲಿ, ಏರಿಕೆಯ ಬಹುಪಾಲು ಆಹಾರದಿಂದ ಬರುತ್ತಿದ್ದಾಗ, ದರವನ್ನು 6.5ರಲ್ಲೇ ಬಿಗಿಹಿಡಿದದ್ದು ಯಾಕೆ? ಸುದ್ದಿಯಲ್ಲಿರುವ 4:2 ಎಂಬ ಸಣ್ಣ ಗುರುತು ಈ ಜಗಳದ್ದೇ. ಹಣಕಾಸು ನೀತಿ ಸಮಿತಿಯಲ್ಲಿ ಆರು ಜನ: ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದ ಹೊರಗಿನ ತಜ್ಞರು. ಹಣದುಬ್ಬರವನ್ನು ಶೇ 4ರ ಸುತ್ತ ಇಡಬೇಕು, 2ಕ್ಕಿಂತ ಕೆಳಗೂ 6ಕ್ಕಿಂತ ಮೇಲೂ ಹೋಗಬಾರದು ಎಂಬುದು ಅವರಿಗೆ ಕೊಟ್ಟ ಕೆಲಸ. ಸತತ ಮೂರು ತ್ರೈಮಾಸಿಕ ಗೆರೆ ದಾಟಿದರೆ ಸರ್ಕಾರಕ್ಕೆ ಕಾರಣ ಬರೆದು ತಿಳಿಸಬೇಕು. 2022ರಲ್ಲಿ ಒಮ್ಮೆ ಹಾಗೆ ಬರೆಯಬೇಕಾಗಿಯೂ ಬಂತು. ಆಗಸ್ಟ್ 8ರಂದು ಆಶಿಮಾ ಗೋಯಲ್ ಮತ್ತು ಜಯಂತ್ ವರ್ಮ ದರವನ್ನು ಕಾಲು ಅಂಶ ಇಳಿಸಬೇಕೆಂದು ಮತ ಹಾಕಿದರು. ಬಿಗಿ ಬಡ್ಡಿಯಿಂದ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ ಎಂಬುದು ಆ ಪಕ್ಷದ ವಾದ. ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅವರ ಕಡೆಯ ವಾದ ಬೇರೆ: ಪಟ್ಟಿಯಲ್ಲಿ ನೂರಕ್ಕೆ 46ರಷ್ಟಿರುವ ಆಹಾರವನ್ನು ಕಣ್ಣುಮುಚ್ಚಿ ಬದಿಗಿಡಲಾಗದು, ಜನ ಬೆಲೆಯನ್ನು ಅಳೆಯುವುದೇ ಅದರಿಂದ. ಬೆಂಗಳೂರೂ ಸೇರಿ 19 ನಗರಗಳಲ್ಲಿ ರಿಸರ್ವ್ ಬ್ಯಾಂಕು ಮನೆಮನೆಗೆ ಹೋಗಿ, ಬೆಲೆ ಎಷ್ಟು ಏರುತ್ತಿದೆ ಎನಿಸುತ್ತದೆ ಎಂದು ಕೇಳಿಸುತ್ತದೆ. ಆ ವರ್ಷ ಜನ ಹೇಳಿದ ಸಂಖ್ಯೆ ಶೇ 8ರ ಆಸುಪಾಸು, ಅಧಿಕೃತ ಅಂಕಿಗಿಂತ ಎಷ್ಟೋ ಮೇಲೆ. ಬೆಲೆ ಏರುತ್ತಲೇ ಹೋಗುತ್ತದೆ ಎಂದು ನಂಬಿದವರು ಹೆಚ್ಚು ಕೂಲಿ ಕೇಳುತ್ತಾರೆ, ಹೋಟೆಲಿನವರು ದೋಸೆಯ ದರ ಏರಿಸುತ್ತಾರೆ, ಟೊಮೆಟೊ ಇಳಿದರೂ ಆ ದರ ಇಳಿಯುವುದಿಲ್ಲ. ರೆಪೊ ತಡೆಯಬಲ್ಲದ್ದು ಟೊಮೆಟೊವನ್ನಲ್ಲ, ಅದರಿಂದ ದೋಸೆಗೆ ಹತ್ತುವ ಬಿಸಿಯನ್ನು. ಆ ಬಿಸಿ ಆಗ ಎಷ್ಟಿತ್ತು ಎಂಬುದರಲ್ಲೇ ಆರು ಜನರಿಗೆ ಒಮ್ಮತವಿರಲಿಲ್ಲ. ನನಗಂತೂ ಈ ಭಿನ್ನಮತವೇ ಆ ದಿನದ ನಿಜವಾದ ಸುದ್ದಿ ಎನಿಸುತ್ತದೆ. ಕನ್ನಡ ವರದಿಗಳಲ್ಲಿ ಮಾತ್ರ ಅದು ಎರಡು ಅಂಕಿ, ನಡುವೆ ಎರಡು ಚುಕ್ಕೆ.

ಮುಂದೇನಾಯಿತು ಎಂಬುದನ್ನು ಅದೇ ಸೂಚ್ಯಂಕ ಹೇಳುತ್ತದೆ. ದುಬಾರಿ ಜುಲೈ, ಆಗಸ್ಟ್‌ಗಳ ನೆರಳು ಕಳೆದ ಕೂಡಲೇ ಹಣದುಬ್ಬರ ಮತ್ತೆ ಎದ್ದು, ಸೆಪ್ಟೆಂಬರ್‌ನಲ್ಲಿ ಶೇ 5.49, ಅಕ್ಟೋಬರ್‌ನಲ್ಲಿ ಶೇ 6.21 ಆಯಿತು, ಮೇಲಿನ ಗೆರೆಯನ್ನೂ ದಾಟಿತು. ರೆಪೊ ದರ ಇಳಿಯಲು 2025ರ ಫೆಬ್ರುವರಿ 7ರವರೆಗೆ ಕಾಯಬೇಕಾಯಿತು, ಅಂದು ಅದು 6.25 ಆಯಿತು. ಆಮೇಲೆ ತರಕಾರಿಯ ಬೆಲೆ ಕುಸಿಯಿತು, ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿಯೂ ತಗ್ಗಿತು. ಅಕ್ಟೋಬರ್ ಬಂದಾಗ ಹೋಲಿಕೆಗೆ ಸಿಕ್ಕಿದ್ದು ಹಿಂದಿನ ವರ್ಷದ ಅದೇ ದುಬಾರಿ ಅಕ್ಟೋಬರ್. ಹಣದುಬ್ಬರ ಶೇ 0.25 ಎಂದು ಪ್ರಕಟವಾಯಿತು. ಸೂಚ್ಯಂಕದಲ್ಲಿ ನೋಡಿದರೆ 2024ರ ಅಕ್ಟೋಬರ್‌ನಲ್ಲಿ 196.8 ಇದ್ದದ್ದು 2025ರ ಅಕ್ಟೋಬರ್‌ನಲ್ಲಿ 197.3 ಆಗಿತ್ತು. 2022ರ ಜುಲೈನಲ್ಲಿ 20,000 ರೂಪಾಯಿಯಲ್ಲಿ ತಿಂಗಳು ದೂಡುತ್ತಿದ್ದ ಮನೆಗೆ ಅದೇ ಸಾಮಾನಿಗೆ ಆಗ ಬೇಕಾದದ್ದು 22,757 ರೂಪಾಯಿ.